ಬಳ್ಳಾರಿ ಹ್ಯಾಕಥಾನ್ ಫೈನಲ್: ಅಂಕಪಟ್ಟಿ ಕೈಯಲ್ಲಿದೆ, ಐದು ನಿಮಿಷ ಹೇಗೆ ಹಂಚಲಿ?

ಯರಮರಸ್ ಹುಡುಗಿ

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದ್ತಿದ್ದೇನೆ. ನಾವು ನಾಲ್ಕು ಜನ ಸೇರಿ ಹತ್ತಿಯ ತೇವಾಂಶ ಅಳೆಯೋ ಒಂದು ಡಬ್ಬಿ ಮಾಡಿದ್ದೇವೆ. 24 ಗಂಟೆಯ ಮೊದಲ ಸುತ್ತು ದಾಟಿ ಫೈನಲ್‌ಗೆ ಬಂದಿದ್ದೇವೆ. ಮುಂದಿನ ಶನಿವಾರ ಬಳ್ಳಾರಿಯಲ್ಲಿ ಫೈನಲ್. ಮಾತು ಮತ್ತು ಡೆಮೊ ಸೇರಿ ಐದು ನಿಮಿಷ, ಆಮೇಲೆ ಎರಡು ನಿಮಿಷ ಪ್ರಶ್ನೆ.

ಈ ಸಲ ಅಂಕಪಟ್ಟಿಯನ್ನು ಮೊದಲೇ ಕಳಿಸಿದ್ದಾರೆ. ಸಮಸ್ಯೆ ಮತ್ತು ಪರಿಣಾಮಕ್ಕೆ 20, ಕೆಲಸ ಮಾಡುವ ಡೆಮೊಗೆ 30, ತಾಂತ್ರಿಕ ಆಳಕ್ಕೆ 20, ಹೊಸತನಕ್ಕೆ 15, ಜಾರಿ ಮಾಡಲು ಸಾಧ್ಯವೇ ಅನ್ನೋದಕ್ಕೆ 15. ಮಾತಿನ ಚಂದಕ್ಕೆ ಅಂತ ಬೇರೆ ಅಂಕ ಇಲ್ಲ.

ನಮ್ಮ ಈಗಿನ ಕರಡು ಹೀಗಿದೆ: ತಂಡದ ಪರಿಚಯ, ಭಾರತದಲ್ಲಿ ಹತ್ತಿ ಬೆಳೆಯ ಅಂಕಿಅಂಶ, ನಮ್ಮ ವ್ಯವಸ್ಥೆಯ ಚಿತ್ರ, ಸೆನ್ಸರ್ ವಿವರಣೆ, ಕೊನೆಯ ಒಂದು ನಿಮಿಷ ಡೆಮೊ, ಆಮೇಲೆ ಮುಂದಿನ ಯೋಜನೆ. ಓದಿ ನೋಡಿದರೆ ಆರೂವರೆ ನಿಮಿಷ ಆಗ್ತಿದೆ. ಏನು ತೆಗೀಲಿ?

ಡಬ್ಬಿ ಬಗ್ಗೆ ಸ್ವಲ್ಪ ಹೇಳ್ತೀನಿ. ಒಳಗೆ ಎರಡು ಲೋಹದ ತಟ್ಟೆ, ನಡುವೆ ಹತ್ತಿ ತುಂಬಬೇಕು. ತೇವ ಹೆಚ್ಚಾದಷ್ಟೂ ಹತ್ತಿಯ ವಿದ್ಯುತ್ ತಡೆ ಕಡಿಮೆಯಾಗುತ್ತದೆ, ಅದನ್ನು ಅಳೀತೇವೆ. ಕೆಳಗೆ ತೂಕದ ಸೆನ್ಸರ್ ಇದೆ. ಇಎಸ್‌ಪಿ32 ಬೋರ್ಡ್ ಆ ಲೆಕ್ಕವನ್ನು ಮೊಬೈಲಿಗೆ ಕಳಿಸುತ್ತದೆ.

ಕೋಟೆ ಬಳ್ಳಾರಿ

ಬನ್ನಿ ನಮ್ಮೂರಿಗೆ, ಸ್ವಾಗತ. ಇದು ಸುಲಭದ ಲೆಕ್ಕ. ಐದು ನಿಮಿಷ ಅಂದ್ರೆ 300 ಸೆಕೆಂಡ್, ಒಟ್ಟು ಅಂಕ 100. ಒಂದು ಅಂಕಕ್ಕೆ ಮೂರು ಸೆಕೆಂಡ್. ಡೆಮೊಗೆ 90 ಸೆಕೆಂಡ್, ಸಮಸ್ಯೆಗೆ 60, ತಾಂತ್ರಿಕ ಆಳಕ್ಕೆ 60, ಹೊಸತನಕ್ಕೆ 45, ಜಾರಿಗೆ 45. ಪಟ್ಟಿಯಲ್ಲಿರುವ ಕ್ರಮದಲ್ಲೇ ಹೇಳಿಬಿಡಿ. ಪರಿಚಯ ಪೂರ್ತಿ ತೆಗೀರಿ, ತಂಡದ ಹೆಸರು ಹೇಗೂ ಪರದೆ ಮೇಲಿರುತ್ತೆ.

ಇನ್ನೊಂದು ಮಾತು. ಡೆಮೊನ ಮೊದಲೇ ವಿಡಿಯೋ ಮಾಡಿ ಅದನ್ನೇ ಹಾಕಿ. ವೇದಿಕೆ ಮೇಲೆ ಸರ್ಕ್ಯೂಟ್ ನಂಬಬೇಡಿ.

ಗಂಗಾವತಿ ಭತ್ತ

ನಮ್ಮದೂ ಇದೇ ಫೈನಲ್. ನಾವು ರೈಸ್ ಮಿಲ್‌ಗಳಿಗೆ ನುಚ್ಚಕ್ಕಿ ಪ್ರಮಾಣ ಹೇಳೋ ಆ್ಯಪ್ ಮಾಡಿದ್ದೇವೆ, ಕ್ಯಾಮೆರಾದಿಂದ. ನಮಗೆ ಡೆಮೊ ಅಂದ್ರೆ ಫೋಟೋ ತೆಗೆದ್ರೆ ಉತ್ತರ ಬರುತ್ತೆ, ಹತ್ತು ಸೆಕೆಂಡಲ್ಲಿ ಮುಗೀತು. ಉಳಿದ ಸಮಯ ಏನು ಮಾಡೋದು ಅನ್ನೋದೇ ನಮ್ಮ ಚಿಂತೆ.

ಡ್ಯಾಂ ಬದಿಯವಳು

ತಂಗಿ, ನಾನು ಮುನಿರಾಬಾದ್ ಕಡೆಯವಳು. ಸಾಫ್ಟ್‌ವೇರ್ ಕೆಲಸ. ಕಾಲೇಜು ಹ್ಯಾಕಥಾನ್‌ಗಳಲ್ಲಿ ಜಡ್ಜ್ ಆಗಿ ಕೂತಿದ್ದೇನೆ. ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ನನ್ನ ಮುಂದೆ ಒಂದು ಹಾಳೆ ಇರುತ್ತೆ. ತಂಡ ಮಾತಾಡ್ತಿರುವಾಗಲೇ ನಾನು ಪೆನ್ಸಿಲ್‌ನಲ್ಲಿ ಒಂದೊಂದು ಸಾಲಿಗೆ ಅಂಕ ಹಾಕ್ತಾ ಹೋಗ್ತೀನಿ. ಮುಂದಿನ ತಂಡ ಕೇಬಲ್ ಸಿಕ್ಕಿಸೋ ಹೊತ್ತಿಗೆ ಹಾಳೆ ಮುಗಿದಿರಬೇಕು. ಒಂದು ಸಾಲಿಗೆ ನೀವು ಏನೂ ಕೊಡಲಿಲ್ಲ ಅಂದ್ರೆ ನಾನು ಊಹೆ ಮಾಡಿ ನಡುವಿನ ಅಂಕ ಹಾಕ್ತೀನಿ. 15ಕ್ಕೆ 7 ಅಥವಾ 8. ಬೇರೆ ಜಡ್ಜ್‌ಗಳೂ ಹಾಗೇ ಮಾಡೋದನ್ನು ನೋಡಿದ್ದೇನೆ. ಆದ್ದರಿಂದ ಒಂದೊಂದು ಸಾಲಿಗೂ "ಇದನ್ನು ನೋಡಿ ಅಂಕ ಹಾಕಿದೆ" ಅನ್ನೋ ಹಾಗೆ ಕಣ್ಣಿಗೆ ಕಾಣೋದು ಒಂದಾದರೂ ಇರಬೇಕು. ನಿಮ್ಮ ಈಗಿನ ಕರಡಿನಲ್ಲಿ ಹೊಸತನಕ್ಕೆ ಏನಿದೆ? ನನಗೇನೂ ಕಾಣಲಿಲ್ಲ.

ಬಳ್ಳಾರಿಯವರ ಲೆಕ್ಕದಲ್ಲಿ ಅರ್ಧ ಸರಿ ಇದೆ. ಜಾಸ್ತಿ ಅಂಕ ಇರೋ ಸಾಲಿಗೆ ಜಾಸ್ತಿ ಗಮನ ಬೇಕು, ನಿಜ. ಆದರೆ ಅಂಕಕ್ಕೆ ತಕ್ಕಂತೆ ಸೆಕೆಂಡ್ ತೂಗಿ ಕೊಡೋಕಾಗಲ್ಲ. ಹೊಸತನ ಎರಡು ವಾಕ್ಯದಲ್ಲಿ ಮುಗಿಯುತ್ತೆ, 45 ಸೆಕೆಂಡ್ ಎಳೆದರೆ ಜಂಬದ ಹಾಗೆ ಕೇಳಿಸುತ್ತೆ. ಡೆಮೊ ಹಾಗಲ್ಲ. ಅದನ್ನು ಚೆನ್ನಾಗಿ ಕಟ್ಟಿದರೆ ಸಮಸ್ಯೆ, ತಾಂತ್ರಿಕ ಆಳ, ಹೊಸತನ ಮೂರೂ ಅದರೊಳಗೇ ಕಾಣುತ್ತವೆ. ಒಂದೇ ದೃಶ್ಯ ಹಲವು ಸಾಲಿಗೆ ಅಂಕ ತರುತ್ತೆ. ಅದಕ್ಕೇ ಡೆಮೊ ಮೊದಲ ನಿಮಿಷದೊಳಗೇ ಶುರುವಾಗಬೇಕು. ಕೊನೆಗಿಟ್ಟರೆ ಏನಾಗುತ್ತೆ ಗೊತ್ತಾ? ಸಮಯ ಮೀರಿ ಗಂಟೆ ಹೊಡೀತಾರೆ, 30 ಅಂಕದ ಸಾಲು ಅರ್ಧಕ್ಕೆ ನಿಲ್ಲುತ್ತೆ.

ವಿಡಿಯೋ ಮಾತು ನಾನು ಒಪ್ಪಲ್ಲ. ಸಾಲಿನ ಹೆಸರೇ "ಕೆಲಸ ಮಾಡುವ ಡೆಮೊ". ಬರೀ ವಿಡಿಯೋ ನೋಡಿ ನಾನಂತೂ ಪೂರ್ತಿ ಅಂಕ ಕೊಡಲ್ಲ. ವಿಡಿಯೋ ಜೊತೆಗಿರಲಿ, ಅದು ಕೈಕೊಟ್ಟಾಗ ಹಾಕೋಕೆ.

ಈಗ ನನಗೊಂದು ಉತ್ತರ ಬೇಕು. ಆ ಡಬ್ಬಿ ಹೇಳೋ ಅಂಕೆ ಸರಿ ಅಂತ ನಿಮಗೆ ಹೇಗೆ ಗೊತ್ತು?

ಗಂಜ್ ಅಡತಿ

ಮಗಳೇ, ನಾನು ರಾಯಚೂರು ರಾಜೇಂದ್ರ ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟವನು. ಈ ಮಿಷನ್ ಎಷ್ಟಕ್ಕೆ ಮಾರ್ತೀರಿ? ಮೆಣಸಿನಕಾಯಿಗೂ ನಡೀತದೇನು? ಒಂದು ನಮಗೂ ಕೊಡಿ.

ತೇವದ ಕಷ್ಟ ನಿಜ. ಹತ್ತಿ ನಿಗಮದವರು ಬೆಂಬಲ ಬೆಲೆಗೆ ತಗೊಳ್ಳುವಾಗ 8 ಪರ್ಸೆಂಟ್ ತನಕ ಪೂರ್ತಿ ದುಡ್ಡು. ಅದರ ಮೇಲೆ ಒಂದೊಂದು ಪರ್ಸೆಂಟಿಗೂ ಒಂದು ಪರ್ಸೆಂಟ್ ಕಡಿತ. 12 ದಾಟಿದರೆ ತಗೊಳ್ಳೋದೇ ಇಲ್ಲ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದವನು ಅಲ್ಲೇ ಟಾರ್ಪಾಲ್ ಹಾಸಿ ಒಣಗಿಸ್ತಾ ಕೂರಬೇಕು, ಇಲ್ಲಾ ಸಿಕ್ಕ ರೇಟಿಗೆ ಕೊಡಬೇಕು.

ಇನ್ನೊಂದು ಮಾತು. ಲೋಡಿನ ಮೇಲ್ಗಡೆ ಬಿಸಿಲಿಗೆ ಒಣಗಿರ್ತದೆ, ಒಳಗೆ ಹಸಿ ಇರ್ತದೆ. ತಗೊಳ್ಳೋರು ಒಳಗೆ ಕೈ ಹಾಕಿ ನಾಲ್ಕಾರು ಕಡೆ ನೋಡ್ತಾರೆ. ನಿಮ್ಮ ಡಬ್ಬಿಗೆ ಎಲ್ಲಿಯ ಹತ್ತಿ ಹಾಕ್ತೀರಿ?

ಯರಮರಸ್ ಹುಡುಗಿ

ಕಾಕಾ, ಮಾರಾಟಕ್ಕೆ ಇನ್ನೂ ಇಲ್ಲ. ಸ್ಪರ್ಧೆಯಲ್ಲಿ ಹೇಗೆ ತೋರಿಸೋದು ಅಂತ ಕೇಳಿದ್ದೆ. ಮೆಣಸಿನಕಾಯಿಗೆ ನಾವು ನೋಡಿಲ್ಲ. ಆದರೆ ಎಲ್ಲಿಯ ಹತ್ತಿ ಅನ್ನೋ ಪ್ರಶ್ನೆ ನಮ್ಮ ತಲೆಗೇ ಬಂದಿರಲಿಲ್ಲ, ತುಂಬಾ ಉಪಕಾರ ಆಯ್ತು.

ಅಕ್ಕ, ಸರಿ ಅಂತ ಹೇಗೆ ಗೊತ್ತು ಅಂದ್ರೆ, ಕಾಲೇಜು ಲ್ಯಾಬಿನ ಓವನ್‌ನಲ್ಲಿ ನೋಡಿದ್ದೇವೆ. 50 ಗ್ರಾಂ ಹತ್ತಿ ತೂಗಿ, 105 ಡಿಗ್ರಿಯಲ್ಲಿಟ್ಟು, ತೂಕ ಇಳಿಯೋದು ನಿಲ್ಲೋ ತನಕ ಒಣಗಿಸಿ ಮತ್ತೆ ತೂಗೋದು. 44.5 ಗ್ರಾಂ ಉಳಿದರೆ 5.5 ಗ್ರಾಂ ನೀರು, ಅಂದ್ರೆ 11 ಪರ್ಸೆಂಟ್. ಆರು ಸ್ಯಾಂಪಲ್ ಹೀಗಿವೆ:

```
oven    meter
 8.1     8.4
 9.6     9.3
11.0    11.5
12.2    11.9
13.8    12.6
15.1    13.2
```

ಕೊನೆಯ ಎರಡು ಚೆನ್ನಾಗಿಲ್ಲ. ಅದಕ್ಕೇ ಪಿಚ್‌ನಲ್ಲಿ ಈ ಪಟ್ಟಿ ಹಾಕಿರಲಿಲ್ಲ. ಮೊದಲ ನಾಲ್ಕು ಮಾತ್ರ ಹಾಕಲಾ?

ಡ್ಯಾಂ ಬದಿಯವಳು

ಬೇಡ ತಂಗಿ, ಆರೂ ಹಾಕು. ನಿಮ್ಮ ಹತ್ತಿರ ಇರೋದರಲ್ಲೇ ಗಟ್ಟಿಯಾದದ್ದು ಈ ಪಟ್ಟಿ. ತಾಂತ್ರಿಕ ಆಳದ 20 ಅಂಕ ಇಲ್ಲಿಂದ ಬರುತ್ತೆ, ವ್ಯವಸ್ಥೆಯ ಚಿತ್ರದಿಂದ ಅಲ್ಲ. ಬಾಣ ಹಾಕಿದ ಡಬ್ಬಿಗಳ ಚಿತ್ರ ಎಲ್ಲಾ ತಂಡಗಳ ಹತ್ತಿರವೂ ಇರುತ್ತೆ. ಆರು ಸ್ಯಾಂಪಲ್ ಒಣಗಿಸಿ ತೂಗಿದ ತಂಡ ಸಿಗೋದು ಅಪರೂಪ.

ಆದರೆ ಪಟ್ಟಿಯಲ್ಲಿ ನೀವು ಹೆದರಿದ ಸಾಲು ಬೇರೆ, ಹೆದರಬೇಕಾದ ಸಾಲು ಬೇರೆ. 13.8 ಇದ್ದದ್ದನ್ನು 12.6 ಅಂದರೆ ಅಂಕೆ ತಪ್ಪು, ಆದರೆ ತೀರ್ಪು ಸರಿ. ಎರಡೂ 12ರ ಮೇಲೆ, ರೈತ ಹೇಗೂ ಒಣಗಿಸಬೇಕು. ನಾಲ್ಕನೇ ಸಾಲು ನೋಡು. ಓವನ್ 12.2 ಅಂತಿದೆ, ನಿಮ್ಮ ಡಬ್ಬಿ 11.9 ಅಂತಿದೆ. ಆ ರೈತ ನಿಮ್ಮ ಮಾತು ನಂಬಿ ಟ್ರ್ಯಾಕ್ಟರ್ ಹತ್ತಿಸ್ತಾನೆ, ಕೇಂದ್ರದಲ್ಲಿ ವಾಪಸ್ ಕಳಿಸ್ತಾರೆ. ಚುರುಕಾದ ಜಡ್ಜ್ ಮೊದಲು ಕೇಳೋದು ಅದನ್ನೇ.

ಉಪಾಯ ಸುಲಭ. ಅಂಕೆಯ ಜೊತೆ ಬಣ್ಣ ತೋರಿಸಿ. 11.5ರ ಕೆಳಗೆ ಹಸಿರು. 11.5ರಿಂದ 12.5ರ ತನಕ ಹಳದಿ, "ಇನ್ನೊಂದು ಬಿಸಿಲು ಕೊಡಿ". ಅದರ ಮೇಲೆ ಕೆಂಪು. ಆಗ ನಿಮ್ಮ ಆರು ಸ್ಯಾಂಪಲ್‌ನಲ್ಲಿ ಹಸಿರು ಬಂದು ವಾಪಸಾಗೋ ಲೋಡ್ ಒಂದೂ ಇಲ್ಲ. 11.0 ಇದ್ದದ್ದು ಹಳದಿಗೆ ಬಿದ್ದು ಒಂದು ದಿನ ಸುಮ್ನೆ ಒಣಗಬಹುದು, ಆ ನಷ್ಟ ಸಣ್ಣದು. ಇದನ್ನು ನೀವೇ ಬಾಯಿಬಿಟ್ಟು ಹೇಳಿ: "12ರ ಮೇಲೆ ನಮ್ಮ ಅಂಕೆ ಕಡಿಮೆ ತೋರಿಸುತ್ತದೆ, ಆದರೆ ಬಣ್ಣ ತಪ್ಪಿಲ್ಲ. ಇಷ್ಟೇ ಸ್ಯಾಂಪಲ್ ನೋಡಿದ್ದೇವೆ." ಜಡ್ಜ್ ಬಾಯಿಂದ ಬರಬೇಕಾದ ಪ್ರಶ್ನೆ ನಿಮ್ಮ ಬಾಯಿಂದ ಬಂದರೆ ಹಾಳೆ ಮೇಲೆ ಪೆನ್ಸಿಲ್ ಮೇಲಕ್ಕೆ ಹೋಗುತ್ತೆ.

ಸಿಂಧನೂರು ಬೆಸುಗೆ

ಹಾರ್ಡ್‌ವೇರ್ ಕಡೆಯಿಂದ ಮೂರು ಮಾತು.

ಒಂದು, ನೀವು 5.5 ಗ್ರಾಂ ನೀರನ್ನು ಹಸಿ ತೂಕ 50ಕ್ಕೆ ಭಾಗಿಸಿದ್ದೀರಿ. ಒಣ ತೂಕ 44.5ಕ್ಕೆ ಭಾಗಿಸಿದರೆ ಅದೇ ಹತ್ತಿ 12.4 ಆಗುತ್ತೆ. ಬಟ್ಟೆ ಮಿಲ್ ಕಡೆಯವರು ಒಣ ತೂಕದ ಮೇಲೆ ಲೆಕ್ಕ ಹಾಕೋದುಂಟು. ಜಡ್ಜ್‌ಗಳಲ್ಲಿ ಅಂಥವರು ಒಬ್ಬರಿದ್ದರೆ ಹಿಡೀತಾರೆ. ಯಾವ ಲೆಕ್ಕ ಅಂತ ಪಟ್ಟಿಯ ಕೆಳಗೆ ಒಂದು ಸಾಲು ಬರೀರಿ.

ಎರಡು, ವೇದಿಕೆಗೆ ತರೋ ಹಸಿ ಹತ್ತಿ. ಅಲ್ಲೇ ನೀರು ಚಿಮುಕಿಸಿದರೆ ನೀರು ಎಳೆಯ ಮೇಲೇ ಇರುತ್ತೆ, ಮೀಟರ್ ಸಿಕ್ಕಾಪಟ್ಟೆ ಜಾಸ್ತಿ ತೋರಿಸುತ್ತೆ. ಹಿಂದಿನ ರಾತ್ರಿಯೇ ಸ್ವಲ್ಪ ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿಡಿ. ಬೆಳಗ್ಗೆ ಹೊತ್ತಿಗೆ ಎಲ್ಲಾ ಕಡೆ ಒಂದೇ ಸಮ ಹರಡಿರುತ್ತೆ.

ಮೂರನೇದು ದೊಡ್ಡದು. ಹಾಲ್‌ನ ವೈಫೈ ನಂಬಬೇಡಿ. ಎಲ್ಲಾ ತಂಡಗಳೂ ಒಂದೇ ಸಲಕ್ಕೆ ಅದರ ಮೇಲೆ ಬೀಳ್ತಾರೆ. ಬೋರ್ಡೇ ತನ್ನ ಸ್ವಂತ ವೈಫೈ ಹಾಕಲಿ:

```cpp
WiFi.softAP("hatti-demo", "hatti12345");
```

ಮೊಬೈಲನ್ನು ಅದಕ್ಕೆ ಸೇರಿಸಿ ಬ್ರೌಸರ್‌ನಲ್ಲಿ `192.168.4.1` ತೆರೆದರೆ ಬೋರ್ಡಿನ ಪುಟ ಬರುತ್ತೆ. ಆದರೆ ಎಚ್ಚರ. ಈ ವೈಫೈಗೆ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಕೆಲವು ಆಂಡ್ರಾಯ್ಡ್ ಫೋನ್‌ಗಳು ಮೊಬೈಲ್ ಡೇಟಾಕ್ಕೆ ಹಾರಿಬಿಡ್ತವೆ. ಪುಟ ತೆರೆಯೋದೇ ಇಲ್ಲ, ಬೋರ್ಡ್ ಕೆಟ್ಟಿದೆ ಅಂತ ನೀವು ಬೋರ್ಡ್ ಬಿಚ್ತಾ ಕೂರ್ತೀರಿ. ಡೆಮೊ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಡಿ.

ಫೋನ್ ಪರದೆ ಪ್ರೊಜೆಕ್ಟರ್ ಮೇಲೆ ಬರೋಕೆ ಯುಎಸ್‌ಬಿ ಕೇಬಲ್ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಇದನ್ನು ಓಡಿಸಿ:

```
scrcpy -m 1024
```

ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಮೊದಲೇ ಆನ್ ಇರಬೇಕು. ಆ ಲ್ಯಾಪ್‌ಟಾಪ್‌ಗೆ ಅನುಮತಿಯನ್ನೂ ಮನೆಯಲ್ಲೇ ಒತ್ತಿ ಬನ್ನಿ.

ಕೋಟೆ ಬಳ್ಳಾರಿ

ಇಷ್ಟೆಲ್ಲಾ ಕಟ್ಟಿಕೊಂಡು ವೇದಿಕೆ ಹತ್ತೋದಕ್ಕಿಂತ ವಿಡಿಯೋನೇ ಮೇಲು ಅಂತ ನನಗೆ ಇನ್ನೂ ಅನ್ನಿಸುತ್ತೆ. ಕೈಕೊಟ್ಟ ಡೆಮೊಗೆ ಸೊನ್ನೆ, ವಿಡಿಯೋಗೆ ಅರ್ಧ ಅಂಕವಾದ್ರೂ ಸಿಗುತ್ತೆ ಅಲ್ವಾ?

ಡ್ಯಾಂ ಬದಿಯವಳು

ಕೈಕೊಟ್ಟ ಕೂಡಲೇ ಸೊನ್ನೆ ಆಗಲ್ಲ ಸರ್. ಕೈಕೊಟ್ಟ ಮೇಲೆ ಅದರ ಜೊತೆ ಹೆಣಗಾಡ್ತಾ ನಿಂತರೆ ಅಂಕ ಹೋಗುತ್ತೆ. ಒಂದು ನಿಯಮ ಇಟ್ಟುಕೊಳ್ಳಿ. ಪುಟ ಹತ್ತು ಸೆಕೆಂಡಲ್ಲಿ ತೆರೆಯಲಿಲ್ಲ ಅಂದ್ರೆ, ಲ್ಯಾಪ್‌ಟಾಪ್ ಹತ್ತಿರ ಇರೋರು ಯಾರನ್ನೂ ಕೇಳದೆ ವಿಡಿಯೋ ಹಾಕಬೇಕು. ಮಾತಾಡೋರು "ಇದು ಇಂದು ಬೆಳಗ್ಗೆ ಇದೇ ಡಬ್ಬಿಯಲ್ಲಿ ತೆಗೆದದ್ದು" ಅಂತ ಹೇಳಿ ಮುಂದುವರಿಯಬೇಕು. ಕ್ಷಮೆ ಕೇಳ್ತಾ ನಿಲ್ಲಬಾರದು. ಮೂರನೆಯವರು ಅಷ್ಟರಲ್ಲಿ ಸರಿಮಾಡಲಿ. ಸರಿಯಾದರೆ ಪ್ರಶ್ನೆಯ ಎರಡು ನಿಮಿಷದಲ್ಲಿ ಡಬ್ಬಿಯನ್ನು ಜಡ್ಜ್ ಮೇಜಿಗೇ ತೆಗೆದುಕೊಂಡು ಹೋಗಿ.

ಈಗ ಐದು ನಿಮಿಷವನ್ನು ನಾನು ಹೇಗೆ ಕಟ್ತಿದ್ದೆ ಅಂತ ಹೇಳ್ತೀನಿ.

ಮೊದಲ 40 ಸೆಕೆಂಡ್ ಸಮಸ್ಯೆ. ದೇಶದ ಅಂಕಿಅಂಶ ಪೂರ್ತಿ ತೆಗೆದು ಅಡತಿ ಕಾಕಾ ಹೇಳಿದ ಲೆಕ್ಕ ಹಾಕಿ. 2025-26ರಲ್ಲಿ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 8,110 ರೂಪಾಯಿ. ತೇವ 11 ಬಂದರೆ 3 ಪರ್ಸೆಂಟ್ ಕಡಿತ, ಕ್ವಿಂಟಾಲಿಗೆ 243 ರೂಪಾಯಿ. 20 ಕ್ವಿಂಟಾಲ್ ಲೋಡಿಗೆ 4,866 ರೂಪಾಯಿ. 12 ದಾಟಿದರೆ ಲೋಡೇ ವಾಪಸ್. "ಇದು ರೈತನಿಗೆ ಗೊತ್ತಾಗೋದು ಬಾಡಿಗೆ ಕೊಟ್ಟು ಕೇಂದ್ರಕ್ಕೆ ಬಂದ ಮೇಲೆ. ಮನೆ ಅಂಗಳದಲ್ಲೇ ಗೊತ್ತಾಗಬೇಕು." ಅಷ್ಟು ಸಾಕು, ನಿಲ್ಲಿಸಿ.

ಅಲ್ಲಿಂದ 2:20ರ ತನಕ ಡೆಮೊ. ಎರಡು ಚೀಲ, ಒಂದು ಒಣ, ಒಂದು ಹಸಿ. ಮೊದಲು ಒಣದು ಹಾಕಿ, ಹಸಿರು ಬರಲಿ. ಆಮೇಲೆ ಹಸಿ ಚೀಲವನ್ನು ಜಡ್ಜ್ ಒಬ್ಬರ ಕೈಗೆ ಕೊಟ್ಟು ಮುಟ್ಟಿಸಿ. ಕೈಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ಡಬ್ಬಿ ಕೆಂಪು ತೋರಿಸುತ್ತೆ. ಸಮಸ್ಯೆ ಅವರ ಬೆರಳಿಗೇ ತಾಗಿತು. ರೀಡಿಂಗ್ ಬರೋಕೆ ಎಷ್ಟು ಹೊತ್ತು ಬೇಕು ತಂಗಿ?

ಯರಮರಸ್ ಹುಡುಗಿ

ಸುಮಾರು 15 ಸೆಕೆಂಡ್ ಅಕ್ಕ. ಹತ್ತಿ ತುಂಬೋಕೆ ಇನ್ನೊಂದಷ್ಟು.

ಡ್ಯಾಂ ಬದಿಯವಳು

ಆ 15 ಸೆಕೆಂಡ್ ಸುಮ್ಮನೆ ನಿಲ್ಲಬೇಡಿ. ಹೊಸತನದ ಸಾಲು ಅಲ್ಲೇ ಹೇಳಿ. ಡಬ್ಬಿ ಕೆಳಗೆ ತೂಕದ ಸೆನ್ಸರ್ ಯಾಕೆ ಇಟ್ಟಿರಿ?

ಯರಮರಸ್ ಹುಡುಗಿ

ಹತ್ತಿ ಒತ್ತಿ ತುಂಬಿದರೆ ಅದೇ ಹತ್ತಿ ಜಾಸ್ತಿ ತೇವ ತೋರಿಸುತ್ತೆ, ಸಡಿಲ ತುಂಬಿದರೆ ಕಡಿಮೆ. ಡಬ್ಬಿಯ ಅಳತೆ ಒಂದೇ, ಆದ್ದರಿಂದ ತೂಕ ಗೊತ್ತಾದರೆ ಎಷ್ಟು ಬಿಗಿ ಅಂತ ಗೊತ್ತಾಗುತ್ತೆ. ಅದರಿಂದ ರೀಡಿಂಗ್ ಸರಿ ಮಾಡ್ತೇವೆ.

ಡ್ಯಾಂ ಬದಿಯವಳು

ನೋಡು, ಇಷ್ಟು ಒಳ್ಳೆಯದು ಇಟ್ಟುಕೊಂಡು ಕರಡಿನಲ್ಲಿ ಬರೆದೇ ಇಲ್ಲ! ಹೊಸತನದ 15 ಅಂಕ ಇದೇ. ಪಟ್ಟಿಯಲ್ಲಿರುವ ಪದವನ್ನೇ ಬಳಸಿ: "ಇಲ್ಲಿ ಹೊಸತನ ಏನೆಂದರೆ". ಹಾಳೆ ನೋಡ್ತಿರೋ ಜಡ್ಜ್‌ಗೆ ಯಾವ ಸಾಲಿನಲ್ಲಿ ಬರೀಬೇಕು ಅಂತ ಗೊತ್ತಾಗುತ್ತೆ. ತೇವಾಂಶ ಮೀಟರ್ ಮೊದಲ ಸಲ ಮಾಡಿದವರು ನಾವೇ ಅಂತ ಮಾತ್ರ ಹೇಳಬೇಡಿ. ಕೈಯಲ್ಲಿ ಹಿಡಿಯೋ ಮೀಟರ್‌ಗಳು ಮಾರುಕಟ್ಟೆಯಲ್ಲಿವೆ, ಖರೀದಿ ಕೇಂದ್ರದಲ್ಲೂ ಇವೆ. ಒಬ್ಬ ಜಡ್ಜ್ ಅದನ್ನು ನೋಡಿದ್ದರೆ ನಿಮ್ಮ ಉಳಿದ ಮಾತನ್ನೂ ಅನುಮಾನದಿಂದ ಕೇಳ್ತಾರೆ.

2:20ರಿಂದ 3:30 ಆ ಆರು ಸಾಲಿನ ಪಟ್ಟಿ. ಅದೊಂದೇ ಸ್ಲೈಡ್, ದೊಡ್ಡ ಅಕ್ಷರದಲ್ಲಿ. ಓವನ್ ಹೇಗೆ ಮಾಡಿದಿರಿ, ನಾಲ್ಕನೇ ಸಾಲು ಯಾಕೆ ಅಪಾಯ, ಹಳದಿ ಯಾಕೆ ಇಟ್ಟಿರಿ. ಅವಸರ ಮಾಡಬೇಡಿ.

3:30ರಿಂದ 4:20 ಜಾರಿ. ಬಿಡಿ ಭಾಗಗಳ ಖರ್ಚು, ಊರಲ್ಲಿ ಯಾರ ಹತ್ತಿರ ಇರುತ್ತೆ, ಯಾರು ಬಳಸ್ತಾರೆ. ಲೋಡಿನ ಎಲ್ಲೆಲ್ಲಿಂದ ಹತ್ತಿ ತೆಗೀಬೇಕು ಅನ್ನೋ ಕಾಕಾನ ಪ್ರಶ್ನೆಗೂ ಇಲ್ಲೇ ಉತ್ತರ ಕೊಡಿ. ಉಳಿದ 40 ಸೆಕೆಂಡ್ ಖಾಲಿ ಬಿಡಿ. ಹತ್ತಿ ತುಂಬುವಾಗ ಚೆಲ್ಲುತ್ತೆ, ಜಡ್ಜ್ ನಡುವೆ ಬಾಯಿ ಹಾಕ್ತಾರೆ, ಆ ಸಮಯ ಹೇಗೂ ಖರ್ಚಾಗುತ್ತೆ.

ಗಂಗಾವತಿ ಭತ್ತ

ಹಾಗಾದ್ರೆ ನಮ್ಮ ಆ್ಯಪ್‌ಗೂ ಇದೇ? ಹತ್ತು ಸೆಕೆಂಡ್ ಡೆಮೊ, ಆಮೇಲೆ ಕೈಯಲ್ಲಿ ಎಣಿಸಿದ ನುಚ್ಚಿನ ಜೊತೆ ಹೋಲಿಸಿದ ಪಟ್ಟಿ?

ಡ್ಯಾಂ ಬದಿಯವಳು

ಹೌದು ತಮ್ಮಾ. ಆದರೆ ಒಂದೇ ಫೋಟೋ ಸಾಲದು. ಅಕ್ಕಿ ಜಡ್ಜ್‌ಗಳೇ ಹರಡಲಿ, ಫೋಟೋ ಅವರೇ ತೆಗೀಲಿ. ಹಾಲ್‌ನ ಬೆಳಕಿನಲ್ಲಿ ಮೊದಲೇ ಹೋಗಿ ಪರೀಕ್ಷೆ ಮಾಡು. ಪ್ರೊಜೆಕ್ಟರ್‌ಗಾಗಿ ದೀಪ ಆರಿಸಿದರೆ ನಿಮ್ಮ ಕ್ಯಾಮೆರಾಗೆ ಏನು ಕಾಣುತ್ತೆ?

ಗಂಗಾವತಿ ಭತ್ತ

ಅಯ್ಯೋ, ಅದು ಯೋಚಿಸಿರಲಿಲ್ಲ. ಟೇಬಲ್ ಲ್ಯಾಂಪ್ ತರ್ತೀವಿ.

ಯರಮರಸ್ ಹುಡುಗಿ

ಅಕ್ಕ ಹೇಳಿದ ಹಾಗೆ ಮತ್ತೆ ಬರೆದು ಇಬ್ಬರು ನಿಂತು ಓದಿದೆವು. 4:35 ಆಯ್ತು. ಹತ್ತಿ ತುಂಬೋದರಲ್ಲೇ ಜಾಸ್ತಿ ಹೋಗ್ತಿದೆ. ಮೊದಲೇ ತೂಗಿದ ಹತ್ತಿಯನ್ನು ಸಣ್ಣ ಚೀಲಗಳಲ್ಲಿ ಕಟ್ಟಿಟ್ಟರೆ ಬೇಗ ಆಗುತ್ತೆ. ಆದರೆ ಆಗ ತೂಕದ ಸೆನ್ಸರ್‌ನ ಕೆಲಸ ಕಾಣಲ್ಲ ಅಂತ ತಂಡದಲ್ಲಿ ಒಬ್ಬನ ವಾದ.

ಇನ್ನೊಂದು ಗೊಂದಲ, ಭಾಷೆ. ಜಡ್ಜ್‌ಗಳಲ್ಲಿ ಬೆಂಗಳೂರಿನ ಕಂಪನಿಯವರೂ ಇದ್ದಾರಂತೆ. ಇಂಗ್ಲಿಷ್‌ನಲ್ಲಿ ಹೇಳಿದರೆ ನಾನು ತಡವರಿಸ್ತೀನಿ.

ಕೋಟೆ ಬಳ್ಳಾರಿ

ಇಂಗ್ಲಿಷ್‌ನಲ್ಲೇ ಹೇಳಿ. ಒಬ್ಬ ಜಡ್ಜ್‌ಗೆ ಅರ್ಥ ಆಗಲಿಲ್ಲ ಅಂದ್ರೆ ಅವರ ಹಾಳೆ ಪೂರ್ತಿ ಹೋಯ್ತು.

ಸಿಂಧನೂರು ಬೆಸುಗೆ

ನಾನು ಒಪ್ಪಲ್ಲ. ಕನ್ನಡದಲ್ಲಿ ಮಾತಾಡಿ, ಸ್ಲೈಡ್ ಮೇಲೆ ಇಂಗ್ಲಿಷ್ ಇರಲಿ. ಅಂಕೆ, ಬಣ್ಣ ಎಲ್ಲರಿಗೂ ಅರ್ಥ ಆಗುತ್ತೆ. ತೂಕದ ವಿಷಯ ಬೇಕಾದರೆ ಹೀಗೆ ಮಾಡಿ: ಒಣ ಹತ್ತಿ ಮೊದಲೇ ತೂಗಿದ್ದು ಹಾಕಿ, ಹಸಿಯದನ್ನು ಮಾತ್ರ ಜಡ್ಜ್ ಕೈಯಿಂದ ಹೇಗೆ ಬೇಕೋ ಹಾಗೆ ತುಂಬಿಸಿ.

ಡ್ಯಾಂ ಬದಿಯವಳು

ಜಡ್ಜ್ ತುಂಬೋದು ಚೆನ್ನಾಗಿದೆ. ಆದರೆ ಅವರು ತೀರಾ ಸಡಿಲ ತುಂಬಿದರೆ ನಿಮ್ಮ ಸರಿಪಡಿಕೆ ತಡೆಯುತ್ತಾ ಅಂತ ಮೊದಲು ಮನೆಯಲ್ಲಿ ನೋಡಿ. ಭಾಷೆ ಬಗ್ಗೆ ಆಯೋಜಕರಿಗೇ ಫೋನ್ ಮಾಡಿ, ಕನ್ನಡ ಬಾರದ ಜಡ್ಜ್ ಇದ್ದಾರಾ ಅಂತ ಕೇಳಿ. ಅದರ ಜೊತೆಗೆ, ಕೇಬಲ್ ಜೋಡಿಸೋ ಸಮಯ ಐದು ನಿಮಿಷದೊಳಗಾ ಹೊರಗಾ ಅಂತಲೂ ಕೇಳಿ. ಒಳಗೆ ಅಂದ್ರೆ ನಿಮ್ಮ ಖಾಲಿ 40 ಸೆಕೆಂಡ್ ಅಲ್ಲೇ ಹೋಗುತ್ತೆ.

ಗಂಜ್ ಅಡತಿ

ಹತ್ತಿ ಬೇಕಾದರೆ ಅಂಗಡಿಗೆ ಬಾ ಮಗಳೇ, ಕೊಡ್ತೀನಿ. ದೇವದುರ್ಗ ಕಡೆಯದೂ ಇದೆ, ಲಿಂಗಸುಗೂರು ಕಡೆಯದೂ ಇದೆ. ಒಂದರಲ್ಲಿ ಬೀಜ ದಪ್ಪ, ಇನ್ನೊಂದರಲ್ಲಿ ಸಣ್ಣ. ಬೀಜದಲ್ಲೂ ತೇವ ಇರ್ತದಲ್ಲ, ನಿಮ್ಮ ಡಬ್ಬಿಗೆ ಅದು ಗೊತ್ತಾಗ್ತದಾ?

ಯರಮರಸ್ ಹುಡುಗಿ

ಗೊತ್ತಿಲ್ಲ ಕಾಕಾ. ನಾವು ನೋಡಿದ ಆರೂ ಸ್ಯಾಂಪಲ್ ಒಂದೇ ಹೊಲದವು. ನಾಳೆ ಬಂದು ಎರಡೂ ತಗೊಂಡು ಹೋಗ್ತೀವಿ, ಓವನ್ ಶುಕ್ರವಾರದ ತನಕ ಸಿಗುತ್ತೆ. ಅಷ್ಟರೊಳಗೆ ಮುಗಿಯಲಿಲ್ಲ ಅಂದ್ರೆ ಒಂದೇ ಹೊಲದ ಹತ್ತಿ ಅಂತ ಪಟ್ಟಿಯ ಕೆಳಗೆ ಬರೀತೀವಿ.